ಫೇರಫಾರ್ ಮಂಜೂರಾದ ಮಾತ್ರಕ್ಕೆ ಜಮೀನು ನಿಮ್ಮದಾಗುವುದಿಲ್ಲ: ಪುಣೆ ಜಿಲ್ಲೆಯಲ್ಲಿ ಖರೀದಿ, ವಾರಸಾ ನೋಂದಣಿಯ ಪೂರ್ತಿ ವಿವರ

ಪುಣೆ ಸುತ್ತಮುತ್ತ ಜಮೀನು ಕೊಂಡವರಿಗೆ ಏಜೆಂಟ್ ಕೊನೆಗೆ ಹೇಳುವ ಮಾತು ಇದೇ: "ಸಾಹೇಬ್ರ, ಫೇರಫಾರ್ ಮಂಜೂರ್ ಆತು, ಸಾತ್‌ಬಾರಾದಾಗ ನಿಮ್ಮ ಹೆಸರು ಬಂತು. ಇನ್ನ ಆರಾಮ ಇರ್ರಿ." ಹೆಸರು ಬಂದದ್ದು ನಿಜ. ಅದರಿಂದ ಮಾಲಕಿ ಹಕ್ಕೂ ಬಂತು ಎಂಬುದು ಏಜೆಂಟನ ಸೇರ್ಪಡೆ, ಕಾನೂನಿನಲ್ಲಿ ಆ ಮಾತು ಎಲ್ಲೂ ಇಲ್ಲ.

ಊರಿನ ಕಡೆ ನಾವು ಪಹಣಿ, ಮ್ಯುಟೇಶನ್ ಎನ್ನುವುದಕ್ಕೆ ಇಲ್ಲಿ ಸಾತ್‌ಬಾರಾ, ಫೇರಫಾರ್ ಎನ್ನುತ್ತಾರೆ. ಸಾತ್‌ಬಾರಾ ಎಂದರೆ ಹಳ್ಳಿಯ ಲೆಕ್ಕದ 7ನೇ ಮತ್ತು 12ನೇ ನಮೂನೆಗಳು ಒಂದೇ ಹಾಳೆಯಲ್ಲಿ: 7ರಲ್ಲಿ ಯಾರ ಹೆಸರು, ಎಷ್ಟು ಕ್ಷೇತ್ರ, ಯಾವ ಸಾಲ, 12ರಲ್ಲಿ ಏನು ಬೆಳೆ. ಆ ಹೆಸರು ಯಾವ ಕಾರಣಕ್ಕೆ ಬದಲಾಯಿತು ಎಂದು ಬರೆದಿಡುವ ಪುಸ್ತಕ 6ನೇ ನಮೂನೆ. ಅದರಲ್ಲಿ ಬೀಳುವ ಒಂದೊಂದು ನಮೂದೂ ಒಂದೊಂದು ಫೇರಫಾರ್. ಬರೆಯುವವರು ತಲಾಠಿ. 2024ರಿಂದ ಅವರ ಹುದ್ದೆಯ ಹೆಸರು ಗ್ರಾಮ ಮಹಸೂಲ್ ಅಧಿಕಾರಿ, ಆದರೆ ಊರಲ್ಲಿ ಇನ್ನೂ ತಲಾಠಿ ಎಂದೇ ಕೇಳಬೇಕು. ಬರೆದದ್ದನ್ನು ಪ್ರಮಾಣಿತಗೊಳಿಸುವವರು ಮಂಡಲ ಅಧಿಕಾರಿ, ಜನರ ಬಾಯಲ್ಲಿ ಸರ್ಕಲ್.

ಇಲ್ಲಿ ಹೇಳುವುದು ಪುಣೆ ಜಿಲ್ಲೆಯ ಕೃಷಿ ಜಮೀನಿನ ದಾರಿ, ಅಂದರೆ ಮಹಾರಾಷ್ಟ್ರ ಜಮೀನ್ ಮಹಸೂಲ್ ಸಂಹಿತೆ 1966ರ ದಾರಿ. ಮುಂಬಯಿ, ಪುಣೆ ನಗರದೊಳಗಿನ ಜಾಗಕ್ಕೆ ಸಾತ್‌ಬಾರಾ ಬದಲು ಪ್ರಾಪರ್ಟಿ ಕಾರ್ಡ್ ಇರುತ್ತದೆ, ಕಚೇರಿಯೂ ನಗರ ಭೂಮಾಪನದ್ದು. ತರ್ಕ ಮಾತ್ರ ಅದೇ. ಗೋವಾದ ಕಥೆ ಬೇರೆ. ಅಲ್ಲಿ ಗಂಡಹೆಂಡಿರ ಆಸ್ತಿ, ವಾರಸಾ ಎರಡೂ ಪೋರ್ಚುಗೀಸ್ ಕಾಲದ ಕಾನೂನಿನಿಂದ ಬಂದವು, ಅದನ್ನು ಇದರ ಜೊತೆ ಕಲಸಬೇಡಿ.

ಒಂದು ಉದಾಹರಣೆ ಇಟ್ಟುಕೊಂಡು ಹೋಗೋಣ

ಮುಳಶಿ ತಾಲೂಕಿನ ಒಂದು ಹಳ್ಳಿ. ತಂದೆ 1994ರಲ್ಲಿ ತನ್ನ ದುಡ್ಡಿನಲ್ಲಿ, ತನ್ನ ಹೆಸರಿನಲ್ಲಿ ಜಮೀನು ಕೊಂಡಿದ್ದ. ಸಾತ್‌ಬಾರಾದಲ್ಲಿ ಕ್ಷೇತ್ರ 0.80.00, ಅಂದರೆ 0 ಹೆಕ್ಟೇರ್, 80 ಆರ್, 0 ಚದರ ಮೀಟರ್. (ಆರ್ ಮತ್ತು ಗುಂಟೆ ಒಂದೇ ಎಂದು ಮಾತಾಡುವುದು ರೂಢಿ. ಒಂದು ಗುಂಟೆ 1089 ಚದರ ಅಡಿ, ಒಂದು ಆರ್ ಸುಮಾರು 1076. 80 ಆರ್ ಎಂದರೆ 79 ಗುಂಟೆ ಚಿಲ್ಲರೆ. ಕಾಂಪೌಂಡ್ ಹಾಕುವ ದಿನ ಈ ಒಂದು ಗುಂಟೆಗೇ ಜಗಳ ಬೀಳುತ್ತದೆ.)

2011ರಲ್ಲಿ ತಂದೆ ತೀರಿಕೊಂಡ. ಮೃತ್ಯುಪತ್ರ ಬರೆದಿರಲಿಲ್ಲ. ಹಿಂದೆ ಉಳಿದವರು ಹೆಂಡತಿ, ಇಬ್ಬರು ಗಂಡುಮಕ್ಕಳು, ಮದುವೆಯಾಗಿ ವಿಜಯಪುರ ಮತ್ತು ಸೊಲ್ಲಾಪುರಕ್ಕೆ ಹೋದ ಇಬ್ಬರು ಹೆಣ್ಣುಮಕ್ಕಳು. ಮಾರನೇ ವರ್ಷ ಗಂಡುಮಕ್ಕಳು ವಾರಸಾ ಅರ್ಜಿ ಹಾಕಿದರು, ಅದರಲ್ಲಿ ತಮ್ಮ ಇಬ್ಬರ ಹೆಸರು ಮಾತ್ರ ಬರೆದರು. ಫೇರಫಾರ್ ಮಂಜೂರಾಯಿತು. 2023ರಲ್ಲಿ ಇಬ್ಬರೂ ಸೇರಿ ಪೂರ್ತಿ 80 ಆರ್ ಮಾರಿದರು, ಆರ್‌ಗೆ ಒಂದು ಲಕ್ಷದಂತೆ 80 ಲಕ್ಷ ರೂಪಾಯಿ. ಕೊಂಡವರು ಅಕ್ಕಲಕೋಟೆ ಕಡೆಯ ಕನ್ನಡದವರು, ಪುಣೆಯಲ್ಲಿ ನೌಕರಿ. ಊರಲ್ಲಿ ಹಿರಿಯರ ಹೊಲ ಇವರ ಹೆಸರಿಗೂ ಇತ್ತು, ಹಾಗಾಗಿ ರೈತರಲ್ಲದವರು ಕೃಷಿ ಜಮೀನು ಕೊಳ್ಳುವಂತಿಲ್ಲ ಎಂಬ 1948ರ ಕೂಳ, ಅಂದರೆ ಗೇಣಿದಾರರ, ಕಾಯ್ದೆಯ 63ನೇ ಕಲಮಿನ ತಂಟೆ ಇವರಿಗೆ ಬರಲಿಲ್ಲ. ನೋಂದಣಿ ಆಯಿತು, ಫೇರಫಾರ್ ಆಯಿತು, ಸಾತ್‌ಬಾರಾದಲ್ಲಿ ಹೆಸರು ಬಂತು. 2024ರಲ್ಲಿ ವಿಜಯಪುರದ ಅಕ್ಕ ವಕೀಲರಿಂದ ನೋಟಿಸ್ ಕಳಿಸಿದಳು.

ಈ ಕೊಂಡವರ ಬಳಿ ಇರುವುದೇನು? ಕಾಗದಗಳೆಲ್ಲ ಸರಿಯಾಗಿಯೇ ಕಾಣುತ್ತವೆ. ತಪ್ಪಿದ್ದು ಎಲ್ಲಿ ಎಂದು ತಿಳಿಯಲು ಆ ಎರಡು ಫೇರಫಾರ್‌ಗಳು ಹೇಗೆ ಆದವು ಎಂದು ನೋಡಬೇಕು.

ಮೊದಲ ಫೇರಫಾರ್: ವಾರಸಾ

ಖಾತೆದಾರ ತೀರಿಕೊಂಡ ಮೂರು ತಿಂಗಳೊಳಗೆ ವಾರಸುದಾರರು ತಲಾಠಿಗೆ ತಿಳಿಸಬೇಕು ಎನ್ನುತ್ತದೆ ಸಂಹಿತೆಯ 149ನೇ ಕಲಮು. ತಡವಾದರೆ ಹಕ್ಕೇನೂ ಹೋಗುವುದಿಲ್ಲ, ಏಕೆಂದರೆ ಹಕ್ಕು ಬರುವುದು ಸಾವಿನ ಕ್ಷಣದಲ್ಲಿ, ನಮೂದಿನಿಂದಲ್ಲ.

ಅರ್ಜಿ ಕೊಡಲು ಎರಡು ದಾರಿ ಇವೆ. ತಲಾಠಿಯ ದಫ್ತರಕ್ಕೆ ಹೋಗಿ ಕಾಗದದಲ್ಲಿ ಕೊಡಬಹುದು, ಇಲ್ಲವೇ ಇ-ಹಕ್ಕ್ ವ್ಯವಸ್ಥೆಯಲ್ಲಿ pdeigr.maharashtra.gov.in ಜಾಲತಾಣದಲ್ಲಿ ಖಾತೆ ತೆರೆದು ವಾರಸಾ ನೋಂದಣಿಯ ಅರ್ಜಿ ತುಂಬಬಹುದು. ಬೆಂಗಳೂರಿನಲ್ಲೋ ಹುಬ್ಬಳ್ಳಿಯಲ್ಲೋ ಕೂತವರಿಗೆ ಎರಡನೆಯದೇ ಅನುಕೂಲ. ಜೊತೆಗೆ ಮರಣ ಪ್ರಮಾಣಪತ್ರ, ಇತ್ತೀಚಿನ ಸಾತ್‌ಬಾರಾ, ಎಲ್ಲ ವಾರಸುದಾರರ ಹೆಸರು, ವಯಸ್ಸು, ಸಂಬಂಧ, ವಿಳಾಸ ಇರುವ ವಂಶಾವಳಿ, ಮತ್ತು ಇವರ ಹೊರತು ಬೇರೆ ವಾರಸುದಾರರಿಲ್ಲ ಎಂಬ ಪ್ರತಿಜ್ಞಾಪತ್ರ. ಮರಣ ಪ್ರಮಾಣಪತ್ರದಲ್ಲಿ ಮತ್ತು ಸಾತ್‌ಬಾರಾದಲ್ಲಿ ತಂದೆಯ ಹೆಸರು ಒಂದೇ ರೀತಿ ಇದೆಯೇ ನೋಡಿಕೊಳ್ಳಿ. ಕನ್ನಡದ ಹೆಸರು ಮರಾಠಿ ದಫ್ತರದಲ್ಲಿ ಬರೆಯುವಾಗ ಈರಪ್ಪ ವೀರಪ್ಪನಾಗಿರುತ್ತಾನೆ, ಅಡ್ಡಹೆಸರು ಬಿಟ್ಟುಹೋಗಿರುತ್ತದೆ. ಆಗ ಇಬ್ಬರೂ ಒಬ್ಬನೇ ಎಂಬ ಪ್ರತಿಜ್ಞಾಪತ್ರ ಮೊದಲೇ ಲಗತ್ತಿಸಿದರೆ ಎರಡು ತಿಂಗಳ ಓಡಾಟ ಉಳಿಯುತ್ತದೆ.

ತಲಾಠಿ ಇದನ್ನು 6-ಕ ಎಂಬ ವಾರಸಾ ಪುಸ್ತಕದಲ್ಲಿ ಹಚ್ಚಿ, ಊರಲ್ಲಿ ವಿಚಾರಿಸಿ, ವಾರಸುದಾರರು ಯಾರೆಂಬುದು ಠರಾವಾದ ಮೇಲೆ 6ನೇ ನಮೂನೆಗೆ ಫೇರಫಾರ್ ಎತ್ತಿಕೊಳ್ಳುತ್ತಾರೆ. ಆಮೇಲೆ 9ನೇ ನಮೂನೆಯ ನೋಟಿಸ್ ಹೊರಡುತ್ತದೆ. ಚಾವಡಿಯಲ್ಲಿ ಒಂದು ಪ್ರತಿ ಹಚ್ಚುತ್ತಾರೆ, ಸಂಬಂಧಪಟ್ಟವರಿಗೆ ಒಂದೊಂದು ಪ್ರತಿ ಕೊಡುತ್ತಾರೆ. ತಕರಾರಿಗೆ 15 ದಿನ. ಯಾರೂ ಬರದಿದ್ದರೆ ಸರ್ಕಲ್ ಪ್ರಮಾಣಿತ ಮಾಡುತ್ತಾರೆ.

ನಮ್ಮ ಉದಾಹರಣೆ ಎಡವಿದ್ದು ಇಲ್ಲೇ. ನೋಟಿಸ್ ಹೋಗುವುದು ಕಾಗದದಲ್ಲಿ ಹೆಸರಿರುವವರಿಗೆ. ಅರ್ಜಿಯಲ್ಲೇ ಹೆಸರಿಲ್ಲದ ಅಕ್ಕತಂಗಿಯರಿಗೆ ನೋಟಿಸ್ ಹೋಗುವುದಾದರೂ ಹೇಗೆ? ಚಾವಡಿಯ ಗೋಡೆಗೆ ಹಚ್ಚಿದ ಹಾಳೆ ವಿಜಯಪುರಕ್ಕೆ ಕಾಣುವುದಿಲ್ಲ. ತಕರಾರು ಬರಲಿಲ್ಲ ಎಂಬುದನ್ನು ಎಲ್ಲರೂ ಒಪ್ಪಿದರು ಎಂದು ಓದಬಾರದು. ಕೇಳಲೇ ಇಲ್ಲ ಎಂಬ ಅರ್ಥವೂ ಅದಕ್ಕಿದೆ.

ಹಿಂದೂ ಉತ್ತರಾಧಿಕಾರ ಕಾಯ್ದೆ 1956ರ 8ನೇ ಕಲಮಿನಂತೆ, ಮೃತ್ಯುಪತ್ರವಿಲ್ಲದೆ ತೀರಿದ ಗಂಡಸಿನ ಸ್ವಂತ ಗಳಿಕೆಯ ಆಸ್ತಿ ಮೊದಲು ಒಂದನೇ ವರ್ಗದ ವಾರಸುದಾರರಿಗೆ ಹೋಗುತ್ತದೆ. ಹೆಂಡತಿ, ಗಂಡುಮಕ್ಕಳು, ಹೆಣ್ಣುಮಕ್ಕಳು, ಬದುಕಿದ್ದರೆ ತೀರಿದವನ ತಾಯಿ, ಎಲ್ಲರಿಗೂ ಸಮ. ಇಲ್ಲಿ ಐವರು. 80 ಆರ್‌ನ ಐದನೇ ಒಂದು ಪಾಲು ತಲಾ 16 ಆರ್. ಗಂಡುಮಕ್ಕಳಿಬ್ಬರದು ಸೇರಿ 32. ಹೆಂಡತಿ, ಅಂದರೆ ಮಕ್ಕಳ ತಾಯಿ, ಮತ್ತು ಇಬ್ಬರು ಹೆಣ್ಣುಮಕ್ಕಳದು 48. ಫೇರಫಾರ್‌ನಲ್ಲಿ ಆ 48 ಆರ್ ಮಾಯವಾದರೂ ಹಕ್ಕಿನಲ್ಲಿ ಮಾಯವಾಗಲಿಲ್ಲ.

ಜಮೀನು ತಂದೆಯ ಸ್ವಂತದ್ದಲ್ಲದೆ ಪಿತ್ರಾರ್ಜಿತವಾಗಿದ್ದರೆ ಲೆಕ್ಕ ಬೇರೆಯಾಗುತ್ತದೆ. ಆದರೆ ಹೆಣ್ಣುಮಕ್ಕಳು ಹೊರಗುಳಿಯುವುದಿಲ್ಲ: 2005ರ ತಿದ್ದುಪಡಿ ಮತ್ತು 2020ರ ವಿನೀತಾ ಶರ್ಮಾ ಪ್ರಕರಣದ ಸುಪ್ರೀಂ ಕೋರ್ಟ್ ತೀರ್ಪಿನ ನಂತರ ಮಗಳು ಹುಟ್ಟಿನಿಂದಲೇ ಮಗನಂತೆ ಪಾಲುದಾರಳು. ಮದುವೆಯಲ್ಲಿ ಬಂಗಾರ ಹಾಕಿದೆವು, ಖರ್ಚು ಮಾಡಿದೆವು ಎಂಬ ಮಾತು ಪಾಲಿನ ಲೆಕ್ಕಕ್ಕೆ ಸೇರುವುದಿಲ್ಲ.

ಅಕ್ಕತಂಗಿಯರಿಗೆ ನಿಜವಾಗಿಯೂ ಪಾಲು ಬೇಡವಾಗಿದ್ದರೆ? ಹೆಸರು ಬಿಡುವುದು ಅದಕ್ಕೆ ದಾರಿಯಲ್ಲ. ಮೊದಲು ಐವರ ಹೆಸರೂ ವಾರಸಾ ಫೇರಫಾರ್‌ನಲ್ಲಿ ಬರಬೇಕು. ಆಮೇಲೆ ಬೇಡವೆನ್ನುವವರು ಹಕ್ಕ್‌ಸೋಡ್ ಪತ್ರ, ಅಂದರೆ ಹಕ್ಕು ಬಿಡುಗಡೆ ಪತ್ರ ಬರೆದು, ಉಪನಿಬಂಧಕರ ಕಚೇರಿಯಲ್ಲಿ ನೋಂದಣಿ ಮಾಡಿಸಬೇಕು. ಅದರ ಮೇಲೆ ಎರಡನೇ ಫೇರಫಾರ್ ಬೀಳುತ್ತದೆ. ಸ್ಟಾಂಪ್ ಕಾಗದದ ಮೇಲೆ ನೋಟರಿ ಮಾಡಿಸಿದ "ನನಗೆ ಪಾಲು ಬೇಡ" ಎಂಬ ಬರಹ ಸಾಲದು. 100 ರೂಪಾಯಿ ಅಥವಾ ಅದಕ್ಕಿಂತ ಹೆಚ್ಚಿನ ಬೆಲೆಯ ಸ್ಥಿರಾಸ್ತಿಯ ಹಕ್ಕನ್ನು ಬಿಟ್ಟುಕೊಡುವ ಪತ್ರ 1908ರ ನೋಂದಣಿ ಕಾಯ್ದೆಯ 17ನೇ ಕಲಮಿನಂತೆ ನೋಂದಣಿಯಾಗಲೇಬೇಕು. ತಲಾಠಿಯ ಮುಂದೆ ವರ್ದಿ ಕೊಟ್ಟು ಹೆಸರು ತೆಗೆಸಿದ ಹಳೆಯ ಫೇರಫಾರ್‌ಗಳು ನಮ್ಮ ಕಡೆಯೂ ಇವೆ, ಇಲ್ಲೂ ರಾಶಿರಾಶಿ ಇವೆ. ಅಂಥದ್ದು ಕಂಡಲ್ಲಿ ಕೆಂಪು ಗೆರೆ ಹಾಕಿಕೊಳ್ಳಿ.

ವಾರಸುದಾರರು ಯಾರು ಎಂಬುದಕ್ಕೇ ಜಗಳವಿದ್ದರೆ ಮಹಾರಾಷ್ಟ್ರದಲ್ಲಿ ದಿವಾಣಿ ಕೋರ್ಟಿನಿಂದ 1827ರ ಬಾಂಬೆ ರೆಗ್ಯುಲೇಶನ್ 8ರಡಿ ವಾರಸಾ ಪ್ರಮಾಣಪತ್ರ ತರುತ್ತಾರೆ. ಬ್ಯಾಂಕಿನವರು ಕೇಳುವ ಸಕ್ಸೆಶನ್ ಸರ್ಟಿಫಿಕೇಟ್ ಬೇರೆ, ಅದು ಸಾಲ, ಠೇವಣಿ, ಶೇರುಗಳಿಗೆ. ಅದನ್ನು ಹಿಡಿದು ತಲಾಠಿಯ ಬಳಿ ಹೋಗಿ ವಾಪಸ್ ಬರುವವರು ಬಹಳ.

ಎರಡನೇ ಫೇರಫಾರ್: ಖರೀದಿ

ಖರೀದಿಯ ಫೇರಫಾರ್‌ಗೆ ಬೇರೆ ಅರ್ಜಿ ಹಾಕುವ ಗೋಜಿಲ್ಲ. ನೋಂದಾಯಿತ ಪತ್ರದಿಂದ ಹಕ್ಕು ಬಂದವರು ತಲಾಠಿಗೆ ತಿಳಿಸಬೇಕಾಗಿಲ್ಲ ಎಂದು 149ನೇ ಕಲಮೇ ಹೇಳುತ್ತದೆ, ಆ ಕೆಲಸ ನೋಂದಣಿ ಕಚೇರಿಯದು. ಉಪನಿಬಂಧಕರ ಗಣಕದಿಂದ ಮಾಹಿತಿ ಇ-ಫೇರಫಾರ್ ವ್ಯವಸ್ಥೆಗೆ ಹೋಗಿ, ತಲಾಠಿಯ ಲಾಗಿನ್‌ನಲ್ಲಿ ಬೀಳುತ್ತದೆ. ಅಲ್ಲಿಂದ ಮುಂದೆ ಅದೇ ಸರಪಳಿ: 6ರಲ್ಲಿ ನಮೂದು, 9ರ ನೋಟಿಸ್, 15 ದಿನ, ಸರ್ಕಲ್.

ಆದರೂ ಖರೀದಿಖತದ ಪ್ರತಿ ಮತ್ತು ಸೂಚಿ 2 ಎಂಬ ಒಂದು ಪುಟದ ಸಾರಾಂಶ ಹಿಡಿದು ಒಮ್ಮೆ ತಲಾಠಿಯನ್ನು ಕಾಣುವುದು ಒಳ್ಳೆಯದು, ಏಕೆಂದರೆ ನಮೂದು ಅಲ್ಲೇ ಕೂತುಬಿಡುವುದಕ್ಕೆ ಮೂರು ನಾಲ್ಕು ಮಾಮೂಲಿ ಕಾರಣಗಳಿವೆ. ಖತದಲ್ಲಿ ಗಟ್ ನಂಬರಿನ, ಅಂದರೆ ಜಮೀನಿನ ನಂಬರಿನ, ಉಪವಿಭಾಗ ತಪ್ಪಿರುತ್ತದೆ, 112/2 ಇರಬೇಕಾದಲ್ಲಿ 112 ಎಂದಷ್ಟೇ ಇರುತ್ತದೆ. ಮಾರಿದವರ ಹೆಸರಿನಲ್ಲಿ ಇರುವುದಕ್ಕಿಂತ ಹೆಚ್ಚು ಕ್ಷೇತ್ರ ಖತದಲ್ಲಿ ಬರೆದಿರುತ್ತದೆ. ಜಮೀನು ಭೋಗವಟದಾರ್ ವರ್ಗ 2, ಅಂದರೆ ಮಾರಾಟಕ್ಕೆ ಸರ್ಕಾರದ ನಿರ್ಬಂಧ ಇರುವ ವರ್ಗದ್ದು ಆಗಿದ್ದು, ಮಾರುವ ಮೊದಲು ಬೇಕಾದ ಸರ್ಕಾರಿ ಪರವಾನಗಿ ಇರುವುದಿಲ್ಲ. ಇಲ್ಲವೇ ಜಮೀನು ತುಂಡಾಗದಂತೆ ತಡೆಯುವ ತುಕಡೇಬಂದಿ ಕಾಯ್ದೆಯ ಪ್ರಮಾಣಕ್ಕಿಂತ ಸಣ್ಣ ತುಂಡು ಮಾರಿರುತ್ತಾರೆ. ಮೊದಲಿನ ಎರಡಕ್ಕೆ ಚೂಕದುರುಸ್ತಿ ಪತ್ರ, ಅಂದರೆ ತಪ್ಪು ತಿದ್ದುವ ಪತ್ರ, ನೋಂದಣಿ ಮಾಡಿದರೆ ಮುಗಿಯಿತು. ಕೊನೆಯ ಎರಡು ವ್ಯವಹಾರದ ಬುಡಕ್ಕೇ ಬರುವ ದೋಷಗಳು, ತಲಾಠಿಯ ಹಿಂದೆ ಅಲೆದು ಬಗೆಹರಿಯುವಂಥವಲ್ಲ.

15 ದಿನದೊಳಗೆ ಯಾರಾದರೂ ಲಿಖಿತ ತಕರಾರು ಕೊಟ್ಟರೆ ನಮೂದು 6-ಅ ಎಂಬ ತಕರಾರು ಪುಸ್ತಕಕ್ಕೆ ಹೋಗುತ್ತದೆ, ವಿಚಾರಣೆ ನಡೆಯುತ್ತದೆ, ಒಂದು ವರ್ಷದೊಳಗೆ ತೀರ್ಮಾನಿಸಬೇಕು. ಇಂಥ ವಿಚಾರಣೆಯಲ್ಲಿ ನೋಡುವುದು ಇಷ್ಟೇ: ಪತ್ರ ನೋಂದಣಿಯಾಗಿದೆಯೇ, ಮಾರಿದವರ ಹೆಸರು ಸಾತ್‌ಬಾರಾದಲ್ಲಿ ಇದೆಯೇ, ಕ್ಷೇತ್ರ ಹೊಂದುತ್ತದೆಯೇ, ನೋಟಿಸ್ ಮುಟ್ಟಿದೆಯೇ. ಮಾರಿದವರಿಗೆ ಆ ಹಕ್ಕು ಹಿಂದೆ ಹೇಗೆ ಬಂತು ಎಂದು ಕೆದಕುವ ಅಧಿಕಾರ ಸರ್ಕಲ್‌ಗೆ ಇಲ್ಲ. ನಮ್ಮ ಉದಾಹರಣೆಯ ಎರಡನೇ ಫೇರಫಾರ್ ಸಲೀಸಾಗಿ ಮಂಜೂರಾದದ್ದು ಅದಕ್ಕೇ. ಸರ್ಕಲ್ ನೋಡಿದ್ದು ಸಾತ್‌ಬಾರಾ, ಅದರಲ್ಲಿ ಇದ್ದದ್ದು ಇಬ್ಬರೇ ಗಂಡುಮಕ್ಕಳು.

ಕಾನೂನು ಇದಕ್ಕೆ ಎಷ್ಟು ತೂಕ ಕೊಡುತ್ತದೆ

157ನೇ ಕಲಮು ಓದಿದರೆ ಉತ್ತರ ಅದರಲ್ಲೇ ಇದೆ. ಪ್ರಮಾಣಿತವಾದ ನಮೂದು, ಅದು ತಪ್ಪೆಂದು ಸಾಬೀತಾಗುವ ತನಕ ಇಲ್ಲವೇ ಅದರ ಜಾಗಕ್ಕೆ ಹೊಸ ನಮೂದು ಕಾನೂನುಬದ್ಧವಾಗಿ ಬರುವ ತನಕ, ಸರಿ ಎಂದು ಭಾವಿಸತಕ್ಕದ್ದು. ಕರ್ನಾಟಕದ 1964ರ ಭೂಕಂದಾಯ ಕಾಯ್ದೆಯ 133ನೇ ಕಲಮು ಪಹಣಿಯ ಬಗ್ಗೆ ಹೇಳುವುದೂ ಇದನ್ನೇ. ಇದರ ಉಪಯೋಗ ಸಣ್ಣದಲ್ಲ: ಕೋರ್ಟಿನಲ್ಲಿ ಎದುರಿನವರು ನಿಮ್ಮ ನಮೂದು ತಪ್ಪೆಂದು ತೋರಿಸಬೇಕು, ಮೊದಲ ಭಾರ ಅವರ ಮೇಲೆ. ಬೆಳೆಸಾಲ, ಬೆಳೆವಿಮೆ, ಭೂಸ್ವಾಧೀನದಲ್ಲಿ ಪರಿಹಾರದ ನೋಟಿಸ್ ಎಲ್ಲ ಬರುವುದು ಆ ಹೆಸರಿಗೇ. ಆದರೆ ವಿಜಯಪುರದ ಅಕ್ಕ ತನ್ನ ಶಾಲೆಯ ದಾಖಲೆ ಮತ್ತು ತಂದೆಯ ಮರಣ ಪ್ರಮಾಣಪತ್ರ ಇಟ್ಟ ದಿನ ಆ ಭಾವನೆ ಕುಸಿಯುತ್ತದೆ.

ಸುಪ್ರೀಂ ಕೋರ್ಟ್ ಇದನ್ನು ಮತ್ತೆ ಮತ್ತೆ ಹೇಳಿದೆ. 1996ರ ಸಾವರ್ಣಿ ಪ್ರಕರಣದಲ್ಲಿ, ಫೇರಫಾರ್ ಹಕ್ಕನ್ನು ಹುಟ್ಟಿಸುವುದೂ ಇಲ್ಲ, ಅಳಿಸುವುದೂ ಇಲ್ಲ, ಅದು ಕಂದಾಯ ಯಾರಿಂದ ವಸೂಲಿ ಮಾಡಬೇಕೆಂಬುದಕ್ಕೆ ಮಾತ್ರ ಎಂದಿತು. 2007ರ ಸೂರಜ್ ಭಾನ್ ತೀರ್ಪಿನಲ್ಲೂ ಅದೇ ಮಾತು. 2021ರ ಜಿತೇಂದ್ರ ಸಿಂಗ್ ಪ್ರಕರಣದಲ್ಲಿ ಮೃತ್ಯುಪತ್ರದ ಆಧಾರದ ಮೇಲೆ ಫೇರಫಾರ್ ಕೇಳಿದಾಗ, ಹಕ್ಕಿನ ಬಗ್ಗೆ ತಕರಾರಿದ್ದರೆ ದಿವಾಣಿ ಕೋರ್ಟಿಗೆ ಹೋಗಿ ಹಕ್ಕು ಸ್ಥಾಪಿಸಿಕೊಂಡು ಬನ್ನಿ, ಆಮೇಲೆ ನಮೂದು ಎಂದಿತು. ಜನರಲ್ ಪವರ್ ಆಫ್ ಅಟಾರ್ನಿಯ ಮೇಲೆ ಕೊಂಡದ್ದು ಖರೀದಿಯೇ ಅಲ್ಲ ಎಂದು 2011ರ ಸೂರಜ್ ಲ್ಯಾಂಪ್ ತೀರ್ಪು ಹೇಳಿದೆ. ಅಂಥ ಕಾಗದದಿಂದ ಹೆಸರು ಹತ್ತಿದ್ದರೂ ಹಕ್ಕು ಹತ್ತಿರುವುದಿಲ್ಲ.

ಮಾಲಕಿ ಸಾಬೀತಾಗುವುದು ಪತ್ರಗಳ ಸರಪಳಿಯಿಂದ: ತಂದೆಯ 1994ರ ನೋಂದಾಯಿತ ಖರೀದಿಖತ, ಅವನ ಎಲ್ಲ ವಾರಸುದಾರರ ದಾಖಲೆ, ಅವರೆಲ್ಲರ ಸಹಿ ಇರುವ 2023ರ ಖತ. ಒಂದು ಕೊಂಡಿ ಬಿಟ್ಟರೆ ಮುಂದಿನದೆಲ್ಲ ಅಷ್ಟರ ಮಟ್ಟಿಗೆ ತೂಗಾಡುತ್ತದೆ. ತನ್ನಲ್ಲಿ ಇಲ್ಲದ ಹಕ್ಕನ್ನು ಯಾರೂ ಮಾರಲಾರರು, ಹಾಗಾಗಿ ನಮ್ಮ ಕೊಂಡವರಿಗೆ 80 ಲಕ್ಷಕ್ಕೆ ಬಂದದ್ದು 32 ಆರ್‌ನ ಹಕ್ಕು. ಅದೂ ಅವಿಭಜಿತ ಪಾಲು. ರಸ್ತೆ ಪಕ್ಕದ ತುಂಡು ನನ್ನದು ಎಂದು ತಂತಿ ಹಾಕುವಂತಿಲ್ಲ, ಪಾಲು ಮಾಡಿಸಿಕೊಂಡೇ ತೆಗೆದುಕೊಳ್ಳಬೇಕು.

"ನಾನು ಸಾತ್‌ಬಾರಾ ನೋಡಿಯೇ ಕೊಂಡೆ, ನನ್ನ ತಪ್ಪೇನು?" ಎಂಬ ಪ್ರಶ್ನೆ ನ್ಯಾಯವಾದದ್ದೇ. ಆಸ್ತಿ ವರ್ಗಾವಣೆ ಕಾಯ್ದೆಯ 41ನೇ ಕಲಮು ಇಂಥವರಿಗೆ ಒಂದು ಕಿಂಡಿ ಇಟ್ಟಿದೆ, ಆದರೆ ಎರಡು ಷರತ್ತು ಹಾಕಿ: ನಿಜವಾದ ಹಕ್ಕುದಾರರ ಒಪ್ಪಿಗೆಯಿಂದಲೇ ಮಾರುವವರು ಮಾಲೀಕರಂತೆ ಕಾಣಿಸಿಕೊಂಡಿರಬೇಕು, ಮತ್ತು ಕೊಂಡವರು ಸಾಕಷ್ಟು ವಿಚಾರಿಸಿರಬೇಕು. ಹಿಂದಿನ ವಾರಸಾ ಫೇರಫಾರ್‌ನ ಪ್ರತಿಯನ್ನೇ ತೆಗೆಸಿ ನೋಡದವರು ಎರಡನೆಯದನ್ನು ತೋರಿಸುವುದು ಕಷ್ಟ.

ಕೊಳ್ಳುವ ಮೊದಲು ಸಾತ್‌ಬಾರಾವನ್ನು ಹೀಗೆ ಓದಿ

bhulekh.mahabhumi.gov.in ನಲ್ಲಿ ಪುಕ್ಕಟೆ ಕಾಣುವುದು ಮಾಹಿತಿಗೆ ಮಾತ್ರ. digitalsatbara.mahabhumi.gov.in ನಿಂದ 15 ರೂಪಾಯಿ ಕಟ್ಟಿ ಡಿಜಿಟಲ್ ಸಹಿಯ ಪ್ರತಿ ತೆಗೆದುಕೊಳ್ಳಿ, ಕಚೇರಿಗಳಲ್ಲಿ ನಡೆಯುವುದು ಅದು.

ಹಾಳೆ ಕೈಗೆ ಬಂದೊಡನೆ ಎಲ್ಲರ ಕಣ್ಣು ಹೆಸರಿನ ಮೇಲೆ ಹೋಗುತ್ತದೆ. ನೀವು ಅದರ ಪಕ್ಕದ ಸಂಖ್ಯೆ ನೋಡಿ. ಪ್ರತಿ ಹೆಸರಿನ ಪಕ್ಕ ಕಂಸದಲ್ಲಿ ಒಂದು ಫೇರಫಾರ್ ನಂಬರ್ ಇರುತ್ತದೆ, ಆ ಹೆಸರು ಅಲ್ಲಿಗೆ ಬಂದ ದಾರಿ ಅದು. ತೆಗೆದುಹಾಕಿದ ಹೆಸರುಗಳನ್ನೂ ಗುರುತು ಹಾಕಿ ಹಾಗೇ ಉಳಿಸಿರುತ್ತಾರೆ, ಅವು ಯಾಕೆ ಹೋದವು ಎಂಬುದೂ ಒಂದು ನಂಬರಿನಲ್ಲಿದೆ. ಬಲಗಡೆ "ಇತರ ಹಕ್ಕ" ಎಂಬ ಅಂಕಣ: ಸೊಸೈಟಿ ಸಾಲದ ಬೋಜಾ, ಕೂಳದ ಹೆಸರು, ಕೋರ್ಟಿನ ತಡೆ ಎಲ್ಲ ಅಲ್ಲಿ. ಹಳೆಯ ನಮೂದುಗಳಲ್ಲಿ ಹೆಣ್ಣುಮಕ್ಕಳ ಹೆಸರನ್ನು ಮಾಲೀಕರ ಸಾಲಿನಲ್ಲಿ ಬರೆಯದೆ ಈ ಅಂಕಣಕ್ಕೆ ತಳ್ಳಿರುವುದೂ ಉಂಟು. ಹಾಳೆಯಲ್ಲಿ ಪ್ರಲಂಬಿತ, ಅಂದರೆ ಇನ್ನೂ ತೀರ್ಮಾನವಾಗದೆ ಉಳಿದ, ಫೇರಫಾರ್ ಇದೆಯೇ ಇಲ್ಲವೇ ಎಂಬ ಸಾಲೂ, ಶೇವಟಚಾ ಫೇರಫಾರ್ ಅಂದರೆ ಕೊನೆಯ ಫೇರಫಾರ್‌ನ ನಂಬರು ಮತ್ತು ದಿನಾಂಕವೂ ಇರುತ್ತವೆ. ಪ್ರಲಂಬಿತ ಇದ್ದರೆ ಇಸಾರು ಹಣ ಕೊಡುವ ಮೊದಲು ಅದೇನೆಂದು ತಿಳಿಯಲೇಬೇಕು.

ಈಗ ಆ ಎಲ್ಲ ನಂಬರುಗಳ 6ನೇ ನಮೂನೆಯ ಪ್ರತಿ ತೆಗೆಸಿ. ಹಳೆಯವು ತಹಶೀಲ್ ಕಚೇರಿಯ ದಾಖಲೆ ಕೋಣೆಯಲ್ಲಿರುತ್ತವೆ, ಮೋಡಿ ಲಿಪಿಯಲ್ಲಿದ್ದರೆ ಓದುವವರನ್ನು ಹುಡುಕಬೇಕು. ಓದುವಾಗ ಒಂದೊಂದಕ್ಕೂ ಒಂದೇ ಪ್ರಶ್ನೆ ಕೇಳಿ: ಇದು ಯಾವ ಪತ್ರದ ಮೇಲೆ ಆಯಿತು? ನೋಂದಣಿ ನಂಬರು ಇದ್ದರೆ ಆ ಪತ್ರ ತೆಗೆಸಿ. "ವಾರಸ" ಎಂದಿದ್ದರೆ ವಂಶಾವಳಿ ಕೇಳಿ. "ವರ್ದಿ" ಎಂದಷ್ಟೇ ಇದ್ದರೆ ಹೊರಹೋದವರ ಸಹಿ ಈಗ ಬೇಕು.

ವಂಶಾವಳಿ ಮಾರುವವರ ಬಾಯಿಂದ ಮಾತ್ರ ಕೇಳಬೇಡಿ. ತಂದೆಯ ಹಳೆಯ ರೇಶನ್ ಕಾರ್ಡ್ ನೋಡಿ, ಊರಿನ ಪೊಲೀಸ್ ಪಾಟೀಲರನ್ನು ಕೇಳಿ, ಪಕ್ಕದ ಹೊಲದ ಹಿರಿಯರ ಹತ್ತಿರ ಚಹಾ ಕುಡಿಯುತ್ತ "ಇವರ ಅಕ್ಕತಂಗೇರನ್ನ ಎಲ್ಲಿ ಕೊಟ್ಟಾರ?" ಎಂದು ಕೇಳಿ. ಈ ಒಂದು ಪ್ರಶ್ನೆ ನೂರು ಪುಟದ ಸರ್ಚ್ ರಿಪೋರ್ಟಿಗಿಂತ ಹೆಚ್ಚು ಕೆಲಸ ಮಾಡುತ್ತದೆ. ವಕೀಲರು ಕೊಡಿಸುವ ಪತ್ರಿಕಾ ನೋಟಿಸ್ ಇರಲಿ, ಆದರೆ ಹೆಣ್ಣುಮಕ್ಕಳು ಕರ್ನಾಟಕದಲ್ಲಿದ್ದರೆ ಪುಣೆಯ ಮರಾಠಿ ಪತ್ರಿಕೆ ಅವರ ಕಣ್ಣಿಗೆ ಬೀಳುವುದಿಲ್ಲ. ಅವರ ವಿಳಾಸಕ್ಕೆ ಸ್ಪೀಡ್ ಪೋಸ್ಟ್‌ನಲ್ಲಿ ಕಳಿಸುವುದೇ ಸರಿ. ಇದಕ್ಕಿಂತ ಸರಿಯಾದದ್ದು ಅವರನ್ನು ಖತದಲ್ಲಿ ಮಾರುವವರಾಗಿ ಸೇರಿಸುವುದು.

ಈಗಾಗಲೇ ಕೊಂಡು ಸಿಕ್ಕಿಬಿದ್ದಿದ್ದರೆ

ನೋಟಿಸ್ ಬಂದ ತಕ್ಷಣ ಜನ ಓಡುವುದು ಕಂದಾಯ ಕಚೇರಿಗೆ. ಅಕ್ಕ ಕೂಡ ಎರಡು ಕಡೆ ಹೋಗಬಹುದು. ಒಂದು, ಫೇರಫಾರ್ ವಿರುದ್ಧ ಪ್ರಾಂತಾಧಿಕಾರಿಗೆ, ಅಂದರೆ ಉಪವಿಭಾಗಾಧಿಕಾರಿಗೆ, 247ನೇ ಕಲಮಿನ ಅಪೀಲು. ಅವಧಿ 60 ದಿನ, ತಡವಾದದ್ದಕ್ಕೆ ಕಾರಣ ಕೊಟ್ಟು ಮಾಫಿ ಕೇಳಬೇಕು, ತನಗೆ ನೋಟಿಸೇ ಬಂದಿರಲಿಲ್ಲ ಎಂಬುದು ಬಲವಾದ ಕಾರಣ. ಇನ್ನೊಂದು, ದಿವಾಣಿ ಕೋರ್ಟಿನಲ್ಲಿ ಪಾಲಿನ ದಾವೆ. ಅಪೀಲಿನಲ್ಲಿ ನೀವು ಗೆದ್ದರೂ ಗೆದ್ದದ್ದು ನಮೂದು ಮಾತ್ರ, ದಾವೆಯ ತೀರ್ಪು ಬಂದ ದಿನ ನಮೂದು ಅದನ್ನು ಹಿಂಬಾಲಿಸಬೇಕು. ಆದ್ದರಿಂದ ಒಳ್ಳೆಯ ವಕೀಲರನ್ನೂ ದುಡ್ಡನ್ನೂ ಅಪೀಲಿಗೆ ಸುರಿಯುವುದು ನಮ್ಮ ಲೆಕ್ಕದಲ್ಲಿ ದಂಡ. ತಹಶೀಲ್ದಾರರ ಬಳಿ 155ನೇ ಕಲಮಿನಡಿ ಸರಿಪಡಿಸಿಕೊಳ್ಳಬಹುದು ಎಂದು ಯಾರಾದರೂ ಹೇಳಿದರೆ ನಂಬಬೇಡಿ. ಅದು ಬರವಣಿಗೆಯ ತಪ್ಪಿಗೆ, ಎಲ್ಲರೂ ಒಪ್ಪಿದ ತಪ್ಪಿಗೆ. ಬಿಟ್ಟುಹೋದ ವಾರಸುದಾರರ ಹಕ್ಕಿನ ಜಗಳ ಅದರಲ್ಲಿ ಬರುವುದಿಲ್ಲ.

ಹೆಚ್ಚಿನ ಮನೆಗಳಲ್ಲಿ ಅಕ್ಕತಂಗಿಯರಿಗೆ ಜಮೀನು ಬೇಕಿರುವುದಿಲ್ಲ, ತಮ್ಮನ್ನು ಕೇಳದೆ ಮಾರಿದ್ದಕ್ಕೆ ಸಿಟ್ಟಿರುತ್ತದೆ. ಹಾಗಿದ್ದರೆ ಮಾತಿಗೆ ಕೂರುವುದೇ ಅಗ್ಗ. ಕೂತಾಗ ಒಂದು ತಪ್ಪು ಮಾಡಬೇಡಿ: ಅವರು ಈಗ ಅಣ್ಣತಮ್ಮಂದಿರ ಹೆಸರಿಗೆ ಹಕ್ಕ್‌ಸೋಡ್ ಬರೆದುಕೊಟ್ಟರೆ ಸಾಕು ಎಂದು ಏಜೆಂಟ್ ಹೇಳುತ್ತಾನೆ. ಅಣ್ಣತಮ್ಮಂದಿರು ಈಗಾಗಲೇ ಮಾರಿ ಕೂತಿದ್ದಾರೆ, ಆ ಹಕ್ಕು ಅವರ ಮೂಲಕ ನಿಮಗೆ ದಾಟುವುದನ್ನು ಕೋರ್ಟಿನಲ್ಲಿ ವಾದಿಸಿ ತೋರಿಸುವ ಕೆಲಸ ಯಾಕೆ? ತಾಯಿ ಮತ್ತು ಹೆಣ್ಣುಮಕ್ಕಳು ತಮ್ಮ 48 ಆರ್ ಪಾಲಿನ ಖರೀದಿಖತವನ್ನು ನೇರ ನಿಮ್ಮ ಹೆಸರಿಗೇ ಬರೆದು ನೋಂದಣಿ ಮಾಡಿಕೊಡಲಿ, ಮೊದಲ ಖತದ ಉಲ್ಲೇಖ ಅದರಲ್ಲಿರಲಿ. ಮುದ್ರಾಂಕ ಶುಲ್ಕ ಎರಡನೇ ಸಲ ಬೀಳುತ್ತದೆ, ಅದನ್ನು ಅಣ್ಣತಮ್ಮಂದಿರ ತಲೆಗೆ ಕಟ್ಟಿ.

ಅವರು ಒಪ್ಪದಿದ್ದರೆ ಮಾರಿದವರಿಂದ ಹಣ ವಾಪಸ್ ಕೇಳುವ ದಾರಿ ಇದೆ. ಮಾರುವ ಹಕ್ಕು ತನಗಿದೆ ಎಂಬ ಭರವಸೆ ಖತದಲ್ಲಿ ಬರೆಯದಿದ್ದರೂ ಇದ್ದೇ ಇದೆ ಎನ್ನುತ್ತದೆ ಆಸ್ತಿ ವರ್ಗಾವಣೆ ಕಾಯ್ದೆಯ 55ನೇ ಕಲಮು. ನಮ್ಮ ಉದಾಹರಣೆಯಲ್ಲಿ ಅದು 48 ಲಕ್ಷ, ಜೊತೆಗೆ ಖರ್ಚು. ಅಣ್ಣತಮ್ಮಂದಿರ ಕೈಯಲ್ಲಿ ಆ ದುಡ್ಡು ಇನ್ನೂ ಇದೆಯೇ ಎಂಬುದು ಬೇರೆ ಮಾತು.

ಹೊಸ ಖತ ನೋಂದಣಿಯಾದರೆ ಮಾಹಿತಿ ಮೊದಲಿನಂತೆ ತಾನಾಗಿ ತಲಾಠಿಗೆ ಹೋಗುತ್ತದೆ. ಆದರೆ ಇಲ್ಲಿ ಒಂದು ಗಂಟು ಇದೆ: ಸಾತ್‌ಬಾರಾದಲ್ಲಿ ಆ ತಾಯಿಮಕ್ಕಳ ಹೆಸರೇ ಇಲ್ಲ, ಹಾಗಾಗಿ ಅವರಿಂದ ಕೊಂಡ ನಮೂದು ಗಣಕದಲ್ಲಿ ಕೂರುವುದಿಲ್ಲ. 2012ರ ವಾರಸಾ ನಮೂದಿನಲ್ಲಿ ಅವರ ಹೆಸರು ಬಿಟ್ಟುಹೋಗಿದೆ ಎಂದು ಎಲ್ಲ ಐವರೂ ಮತ್ತು ನೀವೂ ಒಪ್ಪಿ ಸಹಿ ಮಾಡಿದ ಅರ್ಜಿಯನ್ನು ತಹಶೀಲ್ದಾರರಿಗೆ ಕೊಟ್ಟು, ಮೊದಲು ಅದು ಸರಿಯಾಗಬೇಕು. 155ನೇ ಕಲಮು ಉಪಯೋಗಕ್ಕೆ ಬರುವುದು ಈ ಹಂತದಲ್ಲಿ, ಏಕೆಂದರೆ ಈಗ ತಪ್ಪನ್ನು ಎಲ್ಲರೂ ಒಪ್ಪಿದ್ದಾರೆ. ಆ ಅರ್ಜಿಯ ಸಹಿಗಳನ್ನು ಹೊಸ ಖತ ನೋಂದಣಿಯಾಗುವ ದಿನವೇ, ಎಲ್ಲರೂ ಉಪನಿಬಂಧಕರ ಕಚೇರಿಯಲ್ಲಿ ಸೇರಿರುವಾಗಲೇ ಹಾಕಿಸಿಕೊಳ್ಳಿ. ಮರುದಿನ ಒಬ್ಬೊಬ್ಬರೂ ಅವರವರ ಊರಿಗೆ ಬಸ್ ಹತ್ತಿರುತ್ತಾರೆ.